‘ನಿರ್ಲಕ್ಷ್ಯ’ ಎಂಬಲ್ಲಿಗೆ ನಿಂತುಬಿಡುವ ವರದಿ

ಕಾರ್ಖಾನೆಯಲ್ಲಿ ಅಪಘಾತವಾದ ಮೇಲೆ ಬರೆಯುವ ವರದಿ ಯಾರನ್ನೂ ದೂರಬಾರದು ಎಂದರೆ, ಅದು ಗಾಯಗೊಂಡವರ ಮೇಲಿನ ಕನಿಕರದ ಮಾತು ಎಂದು ಹಲವರು ತಿಳಿಯುತ್ತಾರೆ. ನನ್ನ ವಾದ ಬೇರೆ. ದೂರುವ ವರದಿ ಮೊದಲು ತಪ್ಪುವುದು ಸತ್ಯದ ವಿಷಯದಲ್ಲಿ. ಅದು ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಬರೆಯುತ್ತದೆ, ಕೇಳಬೇಕಾದ ಪ್ರಶ್ನೆಗಳನ್ನು ಕೇಳುವ ಮೊದಲೇ ಮುಚ್ಚಿಹಾಕುತ್ತದೆ. ಈ ವಾದವನ್ನು ಇಬ್ಬರ ಮಾತುಕತೆಯಾಗಿ ಇಲ್ಲಿ ಬೆಳೆಸಿದ್ದೇನೆ. ಒಬ್ಬರು ತಗಡಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಶಿಫ್ಟ್ ಸೂಪರ್‌ವೈಸರ್. ಇನ್ನೊಬ್ಬರು ಸೇಫ್ಟಿ ಆಫೀಸರ್. ಇಬ್ಬರೂ ಕಲ್ಪಿತರು. ಅವರು ಚರ್ಚಿಸುವ ಅಪಘಾತವೂ ಉದಾಹರಣೆಗೆಂದು ಕಟ್ಟಿಕೊಂಡದ್ದೇ. ಆದರೆ ಪವರ್ ಪ್ರೆಸ್‌ನಲ್ಲಿ ಬೆರಳು ಕಳೆದುಕೊಳ್ಳುವುದು ಹೇಗೆ ಎಂಬುದು ಅಂಥ ಶೆಡ್‌ಗಳಲ್ಲಿ ದುಡಿಯುವ ಎಲ್ಲರಿಗೂ ಗೊತ್ತಿರುವ ಸಂಗತಿ.

ಸೂಪರ್‌ವೈಸರ್: ಮೇಡಂ, ವರದಿ ಬರೆದು ತಂದಿದ್ದೇನೆ. ಚಿಕ್ಕದಾಗಿಯೇ ಇದೆ, ಓದುತ್ತೇನೆ. “ಎರಡನೇ ಶಿಫ್ಟಿನಲ್ಲಿ ಆಪರೇಟರ್ ತನ್ನ ನಿರ್ಲಕ್ಷ್ಯದಿಂದ, ಸೂಚನೆಗಳನ್ನು ಉಲ್ಲಂಘಿಸಿ, ಚಾಲನೆಯಲ್ಲಿದ್ದ ಪ್ರೆಸ್ಸಿನೊಳಗೆ ಕೈ ಹಾಕಿ, ಬಲಗೈಯ ಎರಡು ಬೆರಳಿಗೆ ಗಾಯ ಮಾಡಿಕೊಂಡಿದ್ದಾನೆ. ಮುಂದೆ ಎಚ್ಚರದಿಂದ ಕೆಲಸ ಮಾಡುವಂತೆ ಎಲ್ಲ ಆಪರೇಟರ್‌ಗಳಿಗೂ ತಾಕೀತು ಮಾಡಲಾಗಿದೆ.” ಇದರಲ್ಲಿ ಸುಳ್ಳು ಏನೂ ಇಲ್ಲ. ಅವನು ಕೈ ಹಾಕಿದ್ದು ನಿಜ. ಹಾಕಬಾರದು ಎಂಬ ಬೋರ್ಡು ಎದುರಿಗೇ ಇದೆ.

ಸೇಫ್ಟಿ ಆಫೀಸರ್: ಈ ಎರಡು ವಾಕ್ಯಗಳಲ್ಲಿ ಒಬ್ಬರು ಕಣ್ಣಿಂದ ನೋಡಿದ್ದು ಯಾವುದು, ಅಳೆದದ್ದು ಯಾವುದು, ಯಾರಾದರೂ ಹೇಳಿದ್ದು ಯಾವುದು, ನೀವು ಊಹಿಸಿದ್ದು ಯಾವುದು ಎಂದು ಬೇರೆ ಮಾಡಿ ನೋಡೋಣ. ಬಲಗೈಯ ಎರಡು ಬೆರಳಿಗೆ ಗಾಯವಾಗಿದೆ. ಇದನ್ನು ವೈದ್ಯರು ನೋಡಿದ್ದಾರೆ. ಗಾಯವಾದಾಗ ಕೈ ಡೈಗಳ ನಡುವೆ ಇತ್ತು. ಇದು ಗಾಯದಿಂದಲೂ ಸಿಸಿಟಿವಿಯಿಂದಲೂ ಗೊತ್ತಾಗುತ್ತದೆ. ಉಳಿದದ್ದೆಲ್ಲ ಊಹೆ. ‘ನಿರ್ಲಕ್ಷ್ಯ’ ಎನ್ನುವುದು ಅವರ ಮನಸ್ಸಿನ ಸ್ಥಿತಿಯ ಬಗ್ಗೆ ನೀವು ಮಾಡಿದ ತೀರ್ಮಾನ. ಅದನ್ನು ಯಾರೂ ನೋಡಿಲ್ಲ. ‘ಸೂಚನೆಗಳನ್ನು ಉಲ್ಲಂಘಿಸಿ’ ಎಂದರೆ ಯಾವ ಸೂಚನೆ, ಅದನ್ನು ಯಾರು ಯಾವಾಗ ಯಾವ ಭಾಷೆಯಲ್ಲಿ ಕೊಟ್ಟರು ಎಂಬುದು ಇಲ್ಲ. ಆಪರೇಟರ್ ಒಡಿಶಾದವರು, ಬೋರ್ಡು ಕನ್ನಡ ಮತ್ತು ಇಂಗ್ಲಿಷಿನಲ್ಲಿದೆ. ‘ಚಾಲನೆಯಲ್ಲಿದ್ದ ಪ್ರೆಸ್’ ಎನ್ನುವುದಕ್ಕೆ ಎರಡು ಅರ್ಥ ಬರುತ್ತದೆ. ಮೋಟಾರು ತಿರುಗುತ್ತಿತ್ತು ಎಂದೇ, ಅಥವಾ ರ್‍ಯಾಮ್ ಇಳಿಯುತ್ತಿರುವಾಗ ಕೈ ಹಾಕಿದರು ಎಂದೇ? ಎರಡಕ್ಕೂ ಅಜಗಜಾಂತರ. ಇನ್ನು ‘ಗಾಯ ಮಾಡಿಕೊಂಡಿದ್ದಾನೆ’ ಎಂದು ಬರೆದಾಗ ಗಾಯ ಮಾಡಿದವನೂ ಆದವನೂ ಒಬ್ಬನೇ ಆಗಿಬಿಡುತ್ತಾನೆ. ಆಗ ಯಂತ್ರ ಏನು ಮಾಡಿತು ಎಂದು ಕೇಳುವವರೇ ಇರುವುದಿಲ್ಲ.

ಸೂಪರ್‌ವೈಸರ್: ಆದರೂ ಕೊನೆಗೆ ಬರುವುದು ಅಲ್ಲಿಗೇ ಅಲ್ಲವೇ? ಪೆಡಲ್ ಮೇಲೆ ಕಾಲಿಟ್ಟುಕೊಂಡು ಡೈಯೊಳಗೆ ಕೈ ಹಾಕಿದ. ಪೆಡಲ್ ಒತ್ತಿದ, ರ್‍ಯಾಮ್ ಇಳಿಯಿತು. ಇದನ್ನು ಎಷ್ಟು ಮೆತ್ತಗೆ ಬರೆದರೂ ಅದು ಅವನ ಕೆಲಸವೇ.

ಸೇಫ್ಟಿ ಆಫೀಸರ್: ಪೆಡಲ್ ಒತ್ತಿದ್ದನ್ನು ಯಾರು ನೋಡಿದರು? ಸಿಸಿಟಿವಿ ಕ್ಯಾಮೆರಾ ಮೇಲಿನಿಂದ ನೋಡುತ್ತದೆ. ಅವರ ಕಾಲು ಅದರಲ್ಲಿ ಕಾಣುವುದಿಲ್ಲ. ಹೆಲ್ಪರ್ ಆಗ ಹಿಂದಿನ ಟ್ರಾಲಿಯ ಬಳಿ ಇದ್ದರು. ನಮಗೆ ಗೊತ್ತಿರುವುದು ಒಂದೇ: ರ್‍ಯಾಮ್ ಒಂದು ಸಲ ಇಳಿಯಿತು. ಅದು ಇಳಿಯಲು ಕನಿಷ್ಠ ಮೂರು ದಾರಿಗಳಿವೆ. ಪೆಡಲ್ ಒತ್ತಿರಬಹುದು. ಹಿಂದಿನ ಸ್ಟ್ರೋಕ್ ಮುಗಿದಾಗ ಕ್ಲಚ್ ಸರಿಯಾಗಿ ಬಿಡದೆ, ಯಾರೂ ಒತ್ತದಿದ್ದರೂ ರ್‍ಯಾಮ್ ಇನ್ನೊಂದು ಸಲ ಇಳಿದಿರಬಹುದು. ಹಳೆಯ ಪಿನ್ ಕ್ಲಚ್ ಪ್ರೆಸ್‌ಗಳಲ್ಲಿ ಈ ದೋಷ ಎಲ್ಲರಿಗೂ ಗೊತ್ತಿರುವಂಥದ್ದು. ಇಲ್ಲವೇ ಪೆಡಲ್‌ನ ಸ್ವಿಚ್ ಒತ್ತಿದ ಸ್ಥಿತಿಯಲ್ಲೇ ಸಿಕ್ಕಿಕೊಂಡಿರಬಹುದು. ‘ಪೆಡಲ್ ಒತ್ತಿದ’ ಎಂದು ನೀವು ಬರೆದ ಕ್ಷಣದಲ್ಲಿ ಉಳಿದ ಎರಡನ್ನು ಪರೀಕ್ಷಿಸುವ ಕಾರಣ ಹೋಯಿತು. ಮೆಂಟೆನೆನ್ಸಿನವರು ಪ್ರೆಸ್ ಒರೆಸಿ ನಾಳೆ ಬೆಳಗಿನ ಶಿಫ್ಟಿಗೆ ಕೊಟ್ಟುಬಿಡುತ್ತಾರೆ. ದೋಷ ಕ್ಲಚ್ಚಿನದಾಗಿದ್ದರೆ, ಎಷ್ಟೇ ಎಚ್ಚರದಿಂದ ಕೆಲಸ ಮಾಡುವ ಆಪರೇಟರ್ ಬಂದರೂ ಅದು ಅವರಿಗಾಗಿ ಕಾದಿರುತ್ತದೆ. ನಾನು ದೂರುವ ಮಾತು ಬೇಡ ಎನ್ನುವುದು ಇದಕ್ಕೆ. ಆ ಮಾತು ಕೊನೆಯ ಉತ್ತರದಂತೆ ಕೇಳಿಸುತ್ತದೆ. ಅದು ಬಂದ ಮೇಲೆ ಯಾರೂ ಸ್ಪ್ಯಾನರ್ ಕೈಗೆತ್ತಿಕೊಳ್ಳುವುದಿಲ್ಲ.

ಸೂಪರ್‌ವೈಸರ್: ಹಾಗಾದರೆ ವರದಿ ಎಲ್ಲಿಂದ ಶುರುವಾಗಬೇಕು? ಅಪಘಾತವಾದದ್ದು ಸಂಜೆ 4 ಗಂಟೆ 36 ನಿಮಿಷಕ್ಕೆ. ನಾನು ಅಲ್ಲಿಂದಲೇ ಶುರು ಮಾಡಿದ್ದೆ.

ಸೇಫ್ಟಿ ಆಫೀಸರ್: ಅಪಘಾತದ ಕ್ಷಣದಿಂದ ಶುರು ಮಾಡಿದರೆ ಆ ಕ್ಷಣದಲ್ಲಿ ಯಂತ್ರದ ಎದುರು ನಿಂತಿದ್ದ ಒಬ್ಬರೇ ಕಥೆಯಲ್ಲಿರುತ್ತಾರೆ. ಬರಹ ಎಲ್ಲಿಂದ ಆರಂಭವಾಗುತ್ತದೆ ಎಂಬುದೇ ಅರ್ಧ ತೀರ್ಪು. ಅದಕ್ಕೆ ನಾನು ಹಿಡಿಯುವ ಕಟ್ಟುಪಾಡು ಇಷ್ಟು: ಈ ಪ್ರೆಸ್ ತನ್ನ ಮಾಮೂಲು ಸ್ಥಿತಿಯಲ್ಲಿ, ಎಲ್ಲ ರಕ್ಷಣೆಗಳ ಸಮೇತ ಕೆಲಸ ಮಾಡುತ್ತಿದ್ದ ಕೊನೆಯ ಹೊತ್ತಿಗೆ ಹೋಗಿ, ಅಲ್ಲಿಂದ ಮುಂದಕ್ಕೆ ಬರಬೇಕು. ಬ್ರೇಕ್‌ಡೌನ್ ರಿಜಿಸ್ಟರ್ ತೆರೆಯಿರಿ. ಎರಡು ದಿನದ ಹಿಂದೆ ಬೆಳಗಿನ ಶಿಫ್ಟಿನಲ್ಲಿ ಒಂದು ಸ್ಲಿಪ್ ಇದೆ: “ಬಲಗಡೆಯ ಪಾಮ್ ಬಟನ್ ಸಿಕ್ಕಿಕೊಳ್ಳುತ್ತಿದೆ.” ಅದರ ಕೆಳಗೆ ಮೆಂಟೆನೆನ್ಸಿನವರ ಬರಹ: “ಸ್ಪೇರ್ ಇಲ್ಲ, ತರಿಸಲು ಹೇಳಿದೆ.” ಎರಡು ಬಟನ್‌ಗಳನ್ನು ಎರಡು ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ರ್‍ಯಾಮ್ ಇಳಿಯುವುದು ಈ ಪ್ರೆಸ್ಸಿನ ಮುಖ್ಯ ರಕ್ಷಣೆ, ಎರಡೂ ಕೈ ಬಟನ್ ಮೇಲಿದ್ದರೆ ಡೈಯೊಳಗೆ ಇರಲು ಸಾಧ್ಯವಿಲ್ಲ. ಆ ರಕ್ಷಣೆ ಎರಡು ದಿನದ ಹಿಂದೆ ಕೆಟ್ಟಿದೆ. ಪ್ರೆಸ್ ಮಾತ್ರ ನಿಂತಿಲ್ಲ. ಅದೇ ದಿನದ ಪ್ರೊಡಕ್ಷನ್ ಶೀಟ್ ನೋಡಿದರೆ ಸಂಜೆಯ ಶಿಫ್ಟಿನಲ್ಲಿ ಎಂದಿನಷ್ಟೇ ಜಾಬ್ ಬಂದಿದೆ. ಅಂದರೆ ಸೆಲೆಕ್ಟರ್ ಸ್ವಿಚ್ಚನ್ನು ಪೆಡಲ್ ಕಡೆಗೆ ತಿರುಗಿಸಿದ್ದಾರೆ. ಅಪಘಾತದ ನಂತರ ತೆಗೆದ ಫೋಟೋದಲ್ಲಿ ಸ್ವಿಚ್ಚಿನ ಕೀ ಪ್ಯಾನೆಲ್‌ನಲ್ಲೇ ನೇತಾಡುತ್ತಿದೆ.

ಸೂಪರ್‌ವೈಸರ್: ಅದನ್ನು ತಿರುಗಿಸಿದ್ದು ಯಾರು ಎಂದು ನನಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಹೇಗೆ ಬರೆಯುವುದು?

ಸೇಫ್ಟಿ ಆಫೀಸರ್: ಹಾಗೆಯೇ ಬರೆಯಬೇಕು. “ಸೆಲೆಕ್ಟರ್ ಸ್ವಿಚ್ಚನ್ನು ಪೆಡಲ್ ಸ್ಥಾನಕ್ಕೆ ಯಾರು, ಯಾವಾಗ ತಿರುಗಿಸಿದರು ಎಂಬುದು ಈವರೆಗೆ ಗೊತ್ತಾಗಿಲ್ಲ. ಕೀ ಯಾರ ವಶದಲ್ಲಿರಬೇಕು ಎಂಬುದಕ್ಕೆ ಲಿಖಿತ ವ್ಯವಸ್ಥೆ ಕಂಡುಬರಲಿಲ್ಲ.” ಇವೆರಡೂ ಸಂಗತಿಗಳೇ. ಬರೆಯುವವರಿಗೆ ಗೊತ್ತಿಲ್ಲದ ಜಾಗ ಕಂಡರೆ ಅದನ್ನು ತುಂಬಿಬಿಡುವ ಆತುರ ಇರುತ್ತದೆ. ತುಂಬಲು ಸುಲಭವಾಗಿ ಸಿಗುವುದು ಒಬ್ಬರ ಗುಣದೋಷ. ಆ ಜಾಗವನ್ನು ಖಾಲಿ ಎಂದೇ ತೋರಿಸಿದರೆ, ಓದಿದವರು ಅದನ್ನು ಹುಡುಕಲು ಹೋಗುತ್ತಾರೆ.

ಇನ್ನು ಅಪಘಾತದ ದಿನ. ಮಧ್ಯಾಹ್ನ 2ಕ್ಕೆ ಶಿಫ್ಟ್ ಶುರು. 4 ಗಂಟೆ 10 ನಿಮಿಷದ ಹೊತ್ತಿಗೆ ಡೈ ಬದಲಿಸಿ ಬೇರೆ ಬ್ರಾಕೆಟ್ ಹೊಡೆಯಲು ಶುರು ಮಾಡಿದ್ದಾರೆ. ಆ ಡೈಯಲ್ಲಿ ಜಾಬನ್ನು ಎತ್ತಿಕೊಡುವ ಸ್ಪ್ರಿಂಗುಗಳಲ್ಲಿ ಒಂದು ತುಂಡಾಗಿತ್ತು ಎಂದು ಟೂಲ್ ರೂಮಿನವರು ನಂತರ ಬಿಚ್ಚಿ ನೋಡಿ ಹೇಳಿದ್ದಾರೆ. ಹಾಗಾಗಿ ಜಾಬ್ ಡೈಗೆ ಅಂಟಿಕೊಳ್ಳುತ್ತಿತ್ತು. ಸಿಸಿಟಿವಿಯಲ್ಲಿ 4.36ಕ್ಕೆ ಮೊದಲು ಎರಡು ಸಲ ಆಪರೇಟರ್ ಕೈಯಿಂದಲೇ ಜಾಬ್ ಬಿಡಿಸಿದ್ದು ಕಾಣುತ್ತದೆ. ಮೂರನೆಯ ಸಲ ಗಾಯವಾಗಿದೆ. ಜಾಬ್ ತೆಗೆಯಲು ಇರಬೇಕಾದ ಇಕ್ಕಳ ಆ ಪ್ರೆಸ್ಸಿನ ಬಳಿ ಇರಲಿಲ್ಲ. ಈ ಕ್ರಮದಲ್ಲಿ ಓದಿದರೆ ‘ಕೈ ಹಾಕಿದರು’ ಎಂಬ ಸಂಗತಿ ಎಲ್ಲೂ ಮರೆಯಾಗುವುದಿಲ್ಲ. ಅದು ತನ್ನ ಜಾಗದಲ್ಲಿ, ಐದನೆಯದೋ ಆರನೆಯದೋ ಆಗಿ ಬರುತ್ತದೆ.

ಸೂಪರ್‌ವೈಸರ್: ಸಮಯದ ಬಗ್ಗೆ ಒಂದು ಗೊಂದಲ ಇದೆ. ಸಿಸಿಟಿವಿಯಲ್ಲಿ 4.40 ಎಂದಿದೆ. ನಾನು ನನ್ನ ಫೋನ್ ನೋಡಿ 4.36 ಎಂದು ಬರೆದೆ.

ಸೇಫ್ಟಿ ಆಫೀಸರ್: ಒಳ್ಳೆಯ ಪ್ರಶ್ನೆ. ಘಟನೆಗಳ ಕ್ರಮ ಕೆಡುವುದು ಬಹಳ ಸಲ ಇಲ್ಲಿಯೇ. ಕಾರ್ಖಾನೆಯಲ್ಲಿ ಸಿಸಿಟಿವಿ, ಹಾಜರಾತಿ ಯಂತ್ರ, ಗೇಟ್ ರಿಜಿಸ್ಟರ್, ಎಲ್ಲರ ಫೋನು, ಇವು ಯಾವುವೂ ಒಂದೇ ಸಮಯ ತೋರಿಸುವುದಿಲ್ಲ. ಈಗಲೇ ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು: ಸಿಸಿಟಿವಿ ಗಡಿಯಾರ ಫೋನಿಗಿಂತ 4 ನಿಮಿಷ ಮುಂದಿದೆಯೇ? ಹೌದಾದರೆ ವರದಿಯ ಮೊದಲಲ್ಲೇ ‘ಎಲ್ಲ ಸಮಯಗಳನ್ನು ಫೋನ್ ಗಡಿಯಾರಕ್ಕೆ ಹೊಂದಿಸಿದೆ, ಸಿಸಿಟಿವಿ ಸಮಯದಿಂದ 4 ನಿಮಿಷ ಕಳೆದಿದೆ’ ಎಂದು ಬರೆಯಬೇಕು. ಹೀಗೆ ಮಾಡದಿದ್ದರೆ ಏನಾಗುತ್ತದೆ ನೋಡಿ. ಹೆಲ್ಪರ್ ಎಮರ್ಜೆನ್ಸಿ ಸ್ಟಾಪ್ ಒತ್ತಿದ್ದು ನಿಮ್ಮ ಲೆಕ್ಕದಲ್ಲಿ 4.37. ಸಿಸಿಟಿವಿಯಲ್ಲಿ ಗಾಯವಾದದ್ದು 4.40. ಎರಡನ್ನೂ ಹಾಗೆಯೇ ಬರೆದರೆ ಗಾಯವಾಗುವ ಮೊದಲೇ ಪ್ರೆಸ್ ನಿಂತಿತ್ತು ಎಂದಾಗುತ್ತದೆ. ಆಗ ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂಬ ಸಂಶಯ ಹುಟ್ಟುತ್ತದೆ. ತಪ್ಪು ಗಡಿಯಾರದ್ದು, ಸಂಶಯ ಮಾತ್ರ ಮನುಷ್ಯರ ಮೇಲೆ.

ಸೂಪರ್‌ವೈಸರ್: ಅದನ್ನು ಒಪ್ಪುತ್ತೇನೆ. ಆದರೆ ಮೇಡಂ, ನೂರಕ್ಕೆ ಎಂಬತ್ತೋ ತೊಂಬತ್ತೋ ಅಪಘಾತಗಳಿಗೆ ಕೆಲಸಗಾರನ ತಪ್ಪೇ ಕಾರಣ ಎಂದು ಟ್ರೈನಿಂಗಿನಲ್ಲಿ ನಮಗೇ ಹೇಳಿಕೊಟ್ಟಿದ್ದಾರಲ್ಲ. ಅಂಕಿಸಂಖ್ಯೆಯೇ ಹಾಗೆ ಹೇಳುವಾಗ ನಾನು ಬರೆದದ್ದರಲ್ಲಿ ಏನು ತಪ್ಪು?

ಸೇಫ್ಟಿ ಆಫೀಸರ್: ಆ ಅಂಕಿ ಎಲ್ಲಿಂದ ಬಂತು ಎಂದು ನೋಡಿದರೆ ನಿಮ್ಮ ಪ್ರಶ್ನೆಗೆ ಅದೇ ಉತ್ತರ ಕೊಡುತ್ತದೆ. ಅಮೆರಿಕದ ಟ್ರಾವೆಲರ್ಸ್ ವಿಮಾ ಕಂಪನಿಯಲ್ಲಿದ್ದ ಹರ್ಬರ್ಟ್ ಹೈನ್‌ರಿಚ್ 1931ರಲ್ಲಿ ಕೈಗಾರಿಕಾ ಅಪಘಾತಗಳ ತಡೆ ಕುರಿತು ಒಂದು ಪುಸ್ತಕ ಬರೆದರು. ಸುಮಾರು 75,000 ಅಪಘಾತಗಳನ್ನು ಪರಿಶೀಲಿಸಿ, ಅವುಗಳಲ್ಲಿ ಶೇ. 88ಕ್ಕೆ ಕೆಲಸಗಾರರ ಅಸುರಕ್ಷಿತ ನಡೆ, ಶೇ. 10ಕ್ಕೆ ಯಂತ್ರ ಮತ್ತು ಜಾಗದ ಅಸುರಕ್ಷಿತ ಸ್ಥಿತಿ, ಶೇ. 2ಕ್ಕೆ ತಪ್ಪಿಸಲಾಗದ ಕಾರಣ ಎಂದು ಹೇಳಿದರು. ಅಂದಿನಿಂದ ಈ 88 ಲೋಕವೆಲ್ಲ ಸುತ್ತಿದೆ. ಆದರೆ ಆ 75,000 ಅಪಘಾತಗಳನ್ನು ಅವರು ಹೋಗಿ ನೋಡಿದ್ದಲ್ಲ. ವಿಮಾ ಕಂಪನಿಯ ಕಡತಗಳನ್ನೂ ಕಾರ್ಖಾನೆ ಮಾಲೀಕರ ದಾಖಲೆಗಳನ್ನೂ ಓದಿದ್ದು. ಆ ದಾಖಲೆಗಳಲ್ಲಿ ಕಾರಣ ಬರೆದವರು ಹೆಚ್ಚಿನಂಶ ನಿಮ್ಮಂಥ ಸೂಪರ್‌ವೈಸರ್‌ಗಳೇ. ಜೊತೆಗೆ ಆ ಮೂರು ಅಂಕಿಗಳನ್ನು ಕೂಡಿಸಿ. ಸರಿಯಾಗಿ 100 ಆಗುತ್ತದೆ. ಅಂದರೆ ಒಂದೊಂದು ಅಪಘಾತವನ್ನೂ ಒಂದೇ ಕಾರಣದ ಕೆಳಗೆ ಹಾಕಿದ್ದಾರೆ. ನಮ್ಮ ಈ ಅಪಘಾತದಲ್ಲಿ ಕೆಟ್ಟ ಬಟನ್ ಇದೆ, ಮುರಿದ ಸ್ಪ್ರಿಂಗ್ ಇದೆ, ಇಲ್ಲದ ಇಕ್ಕಳ ಇದೆ, ಒಳಗೆ ಹೋದ ಕೈ ಇದೆ. ಒಂದೇ ಖಾನೆಗೆ ಹಾಕಬೇಕೆಂದರೆ ಎಲ್ಲಿಗೆ ಹೋಗುತ್ತಿತ್ತು? ನಿಮ್ಮ ಮೊದಲ ವರದಿ ಓದಿದವರು ಯೋಚಿಸದೆ 88ರ ಕಡೆಗೆ ಹಾಕುತ್ತಿದ್ದರು. ವರದಿಗಳು ಕೆಲಸಗಾರರನ್ನು ದೂರುತ್ತವೆ; ಆ ವರದಿಗಳನ್ನು ಎಣಿಸಿ ಅಂಕಿ ತೆಗೆಯುತ್ತಾರೆ; ಆ ಅಂಕಿ ನೋಡಿ ಮುಂದಿನ ವರದಿ ಬರೆಯುತ್ತಾರೆ. ಕಾರ್ಖಾನೆಯಲ್ಲಿ ಏನಾಯಿತು ಎಂಬುದಕ್ಕೆ ಅದು ಪುರಾವೆಯಲ್ಲ. ವರದಿ ಬರೆಯುವ ರೂಢಿ ಹೇಗಿತ್ತು ಎಂಬುದಕ್ಕೆ ಮಾತ್ರ ಪುರಾವೆ.

ಸೂಪರ್‌ವೈಸರ್: ಸರಿ, ಬರೆಯುವಾಗ ಎಚ್ಚರ ಬೇಕು. ಆದರೆ ಹೇಳಿಕೆ ತೆಗೆದುಕೊಳ್ಳುವಾಗಲೂ ಇಷ್ಟು ಅಳೆದು ಮಾತಾಡಬೇಕೇ? ನಾನು ಹೆಲ್ಪರ್‌ನನ್ನು ನೇರವಾಗಿ “ಅವನು ಯಾಕೆ ಪೆಡಲ್ ತುಳಿದ?” ಎಂದು ಕೇಳಿದೆ. “ಗಡಿಬಿಡಿಯಲ್ಲಿದ್ದ ಸರ್” ಅಂದ.

ಸೇಫ್ಟಿ ಆಫೀಸರ್: ನಿಮ್ಮ ಪ್ರಶ್ನೆಯೇ ಅವರಿಗೆ ಉತ್ತರ ಕೊಟ್ಟಿತು. ಪೆಡಲ್ ತುಳಿದದ್ದನ್ನು ಅವರು ನೋಡಿರಲಿಲ್ಲ. ಆದರೆ ನೀವು ಅದನ್ನು ಆಗಿಹೋದ ಸಂಗತಿಯಾಗಿ ಇಟ್ಟು, ಕಾರಣ ಮಾತ್ರ ಕೇಳಿದಿರಿ. ಅವರು ಕಾರಣ ಹುಡುಕಿ ಕೊಟ್ಟರು. ಪ್ರಶ್ನೆಯ ಮಾತು ನೆನಪಿನ ಮೇಲೆ ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಪ್ರಕಟಿಸಿದ ಪ್ರಯೋಗಗಳಿವೆ. ವಿದ್ಯಾರ್ಥಿಗಳಿಗೆ ಕಾರು ಡಿಕ್ಕಿಯ ಚಿತ್ರಗಳನ್ನು ತೋರಿಸಿ, ಡಿಕ್ಕಿಯ ಹೊತ್ತಿಗೆ ವೇಗ ಎಷ್ಟಿತ್ತು ಎಂದು ಕೇಳಿದರು. ಕಾರುಗಳು ಒಂದಕ್ಕೊಂದು ‘ಅಪ್ಪಳಿಸಿದಾಗ’ ಎಂಬರ್ಥದ ಮಾತು ಬಳಸಿದ ಕಡೆ ಸರಾಸರಿ ಉತ್ತರ ಗಂಟೆಗೆ ಸುಮಾರು 41 ಮೈಲಿ. ‘ತಾಗಿದಾಗ’ ಎಂಬರ್ಥದ ಮಾತು ಬಳಸಿದ ಕಡೆ ಸುಮಾರು 32 ಮೈಲಿ. ಎರಡನೆಯ ಪ್ರಯೋಗದಲ್ಲಿ ಒಂದು ವಾರ ಬಿಟ್ಟು, ಒಡೆದ ಗಾಜು ಕಂಡಿತೇ ಎಂದು ಕೇಳಿದರು. ‘ಅಪ್ಪಳಿಸಿದ’ ಮಾತು ಕೇಳಿದ್ದ 50 ಜನರಲ್ಲಿ 16 ಮಂದಿ ಹೌದು ಎಂದರು. ಅಷ್ಟು ಕಟುವಲ್ಲದ ‘ಹೊಡೆದ’ ಎಂಬ ಮಾತು ಕೇಳಿದ್ದ 50ರಲ್ಲಿ 7 ಮಂದಿ. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ಅದು ಪ್ರಯೋಗಶಾಲೆಯ ಮಾತು, ನೋಡಿದವರು ವಿದ್ಯಾರ್ಥಿಗಳು, ನಿಜ. ಆದರೆ ಅವರಿಗೆ ಕೆಲಸ ಹೋಗುವ ಭಯ ಇರಲಿಲ್ಲ, ಕೇಳಿದವರು ಅವರ ಸೂಪರ್‌ವೈಸರ್ ಆಗಿರಲಿಲ್ಲ. ಹಾಗಿದ್ದೂ ಒಂದು ಕ್ರಿಯಾಪದ ಅಷ್ಟು ಮಾಡಿತು.

ಆದ್ದರಿಂದ ಹೆಲ್ಪರ್‌ಗೆ ಮೊದಲ ಪ್ರಶ್ನೆ “ನೀವು ಎಲ್ಲಿ ನಿಂತಿದ್ದಿರಿ, ಅಲ್ಲಿಂದ ಏನು ಕಾಣಿಸಿತು, ಏನು ಕೇಳಿಸಿತು?” ಎಂದಿರಲಿ. ಅವರು ಹೇಳಿ ಮುಗಿಸುವವರೆಗೆ ನಡುವೆ ಬಾಯಿ ಹಾಕಬೇಡಿ. “ಆಮೇಲೆ?” ಎನ್ನುವುದು ಸಾಕು. ಆಪರೇಟರ್ ಹೇಳಿಕೆಯನ್ನು ಆಪರೇಷನ್ ಆಗಿ ಮತ್ತು ನೋವಿನ ಔಷಧದ ಮಂಪರು ಇಳಿದ ಮೇಲೆ, ಅವರಿಗೆ ಬರುವ ಭಾಷೆಯಲ್ಲಿ ತೆಗೆದುಕೊಳ್ಳಿ. ಬರೆದದ್ದನ್ನು ಅದೇ ಭಾಷೆಯಲ್ಲಿ ಓದಿ ಹೇಳಿ, ಅವರು ತಿದ್ದಿದ್ದನ್ನು ತಿದ್ದಿ, ಆಮೇಲೆ ಸಹಿ. ವರದಿಯಲ್ಲಿ ಆ ಮಾತನ್ನು ‘ಆಪರೇಟರ್ ಹೇಳಿದ್ದು’ ಎಂದೇ ತೋರಿಸಬೇಕು. ಸಿಸಿಟಿವಿ ತೋರಿಸಿದ್ದರ ಜೊತೆ ಅದನ್ನು ಕಲಸಬಾರದು. ಇಬ್ಬರ ಹೇಳಿಕೆ ಒಂದಕ್ಕೊಂದು ಹೊಂದದಿದ್ದರೆ ಎರಡನ್ನೂ ಇಡಿ. ನೀವೇ ಒಂದನ್ನು ಆರಿಸಿ ಇನ್ನೊಂದನ್ನು ಬಿಡಬೇಡಿ.

ಸೂಪರ್‌ವೈಸರ್: ನನ್ನ ನಿಜವಾದ ಆಕ್ಷೇಪ ಈಗ ಹೇಳುತ್ತೇನೆ. ಈ ತಟಸ್ಥ ಭಾಷೆ ಎನ್ನುವುದು ಮೇಲಿನವರಿಗೆ ಬಹಳ ಅನುಕೂಲ. “ಬಟನ್ ದುರಸ್ತಿಯಾಗಿರಲಿಲ್ಲ”, “ಪೆಡಲ್ ಬಳಸಲಾಗುತ್ತಿತ್ತು”, “ಇಕ್ಕಳ ಲಭ್ಯವಿರಲಿಲ್ಲ” ಎಂದು ಬರೆದರೆ ಯಾರ ಹೆಸರೂ ಬರುವುದಿಲ್ಲ. ಎಲ್ಲವೂ ತಾನಾಗಿಯೇ ಆದಂತೆ ಕಾಣುತ್ತದೆ. ದೂರಬಾರದು ಎನ್ನುತ್ತ ಸತ್ಯವನ್ನೇ ಮುಚ್ಚಿದಂತಾಗುವುದಿಲ್ಲವೇ?

ಸೇಫ್ಟಿ ಆಫೀಸರ್: ಹಾಗೆ ಬರೆದರೆ ಮುಚ್ಚಿದಂತೆಯೇ. ಅದು ತಟಸ್ಥ ಭಾಷೆಯಲ್ಲ, ಮಸುಕು ಭಾಷೆ. ತಟಸ್ಥ ಎಂದರೆ ಕೆಲಸ ಮಾಡಿದವರನ್ನು ವಾಕ್ಯದಿಂದ ತೆಗೆದುಹಾಕುವುದಲ್ಲ. ಅವರ ಬಗ್ಗೆ ತೀರ್ಪು ತೆಗೆದುಹಾಕುವುದು. “ಎರಡು ದಿನದ ಹಿಂದೆ ಬೆಳಗಿನ ಶಿಫ್ಟಿನ ಆಪರೇಟರ್ ಬಟನ್ ಕೆಟ್ಟಿದೆ ಎಂದು ಸ್ಲಿಪ್ ಕೊಟ್ಟರು. ಮೆಂಟೆನೆನ್ಸ್ ಟೆಕ್ನೀಷಿಯನ್ ಅದನ್ನು ನೋಡಿ ಸ್ಪೇರ್ ಇಲ್ಲ ಎಂದು ಬರೆದರು. ಸ್ಟೋರ್ಸ್ ವಿಭಾಗದವರು ಬೇಡಿಕೆಯನ್ನು ಮರುದಿನ ಪಡೆದರು. ಶಿಫ್ಟ್ ಸೂಪರ್‌ವೈಸರ್ ಪ್ರೆಸ್ಸನ್ನು ಪೆಡಲ್ ಮೇಲೆ ಓಡಿಸಲು ಒಪ್ಪಿದರು.” ಇಲ್ಲಿ ಪ್ರತಿ ವಾಕ್ಯಕ್ಕೂ ಒಬ್ಬ ಕರ್ತೃ ಇದ್ದಾನೆ, ಹುದ್ದೆಯ ಹೆಸರಿನಲ್ಲಿ. ಯಾವ ವಾಕ್ಯದಲ್ಲೂ ‘ಬೇಜವಾಬ್ದಾರಿ’, ‘ಉದಾಸೀನ’, ‘ಮಾಡಬೇಕಾಗಿತ್ತು’ ಇಲ್ಲ. ನಿಮ್ಮ ಪಾತ್ರವೂ ಇದರಲ್ಲಿ ಬರುತ್ತದೆ ಎಂಬುದನ್ನು ಗಮನಿಸಿ. ದೂರುವ ವರದಿಯಲ್ಲಿ ಅದು ಬರುತ್ತಿರಲಿಲ್ಲ. ಅಧಿಕಾರ ಕಡಿಮೆ ಇರುವವರ ಕಡೆಗೆ ದೂರು ಹರಿಯುತ್ತದೆ. ಘಟನೆಗಳ ಕ್ರಮ ಹಾಗಲ್ಲ, ಅದು ಎಲ್ಲರ ಮೇಜನ್ನೂ ಮುಟ್ಟಿ ಬರುತ್ತದೆ.

ಸೂಪರ್‌ವೈಸರ್: ಒಪ್ಪಿದ್ದು ನಾನೇ. ಆರ್ಡರ್ ಆ ವಾರವೇ ಹೋಗಬೇಕಿತ್ತು. ಇದನ್ನು ಬರೆದರೆ ನನಗೆ ನೋಟಿಸು ಬರುತ್ತದೆ.

ಸೇಫ್ಟಿ ಆಫೀಸರ್: ಅದಕ್ಕೇ ವರದಿ ಮತ್ತು ಶಿಸ್ತುಕ್ರಮ ಬೇರೆಬೇರೆ ಇರಬೇಕು ಎನ್ನುವುದು. ತಪ್ಪಿಗೆ ಹೊಣೆ ಯಾರು ಎಂದು ತೀರ್ಮಾನಿಸಲು ಕಾರ್ಖಾನೆಯಲ್ಲಿ ಇನ್ನೊಂದು ದಾರಿ ಇದೆ. ಆರೋಪಪಟ್ಟಿ ಕೊಡಬೇಕು, ಉತ್ತರ ಕೊಡಲು ಸಮಯ ಕೊಡಬೇಕು, ಸಾಕ್ಷಿಗಳನ್ನು ಪ್ರಶ್ನಿಸಲು ಬಿಡಬೇಕು. ಅಪಘಾತ ವರದಿಯಲ್ಲಿ ‘ನಿರ್ಲಕ್ಷ್ಯ’ ಎಂದು ಬರೆಯುವುದೆಂದರೆ ಇದ್ಯಾವುದೂ ಇಲ್ಲದೆ, ಆಸ್ಪತ್ರೆಯಲ್ಲಿ ಮಲಗಿರುವ ವ್ಯಕ್ತಿಗೆ ತೀರ್ಪು ಕೊಟ್ಟಂತೆ. ಹಾಗಾಗಿ ‘ದೂರದಿದ್ದರೆ ಹೊಣೆಗಾರಿಕೆ ಹೋಗುತ್ತದೆ’ ಎಂಬ ಆಕ್ಷೇಪ ನಿಲ್ಲುವುದಿಲ್ಲ. ಹೊಣೆಗಾರಿಕೆ ತನ್ನ ಜಾಗದಲ್ಲಿ, ನ್ಯಾಯವಾದ ವಿಧಾನದಲ್ಲಿ ಇರುತ್ತದೆ. ವಿಮಾನಯಾನದವರು ಇದನ್ನು ಬಹಳ ಹಿಂದೆಯೇ ಒಪ್ಪಿದ್ದಾರೆ. ಅಪಘಾತ ತನಿಖೆಯ ಉದ್ದೇಶ ಮುಂದಿನದನ್ನು ತಡೆಯುವುದು ಮಾತ್ರ, ತಪ್ಪು ಅಥವಾ ಹೊಣೆ ಹೊರಿಸುವುದಲ್ಲ ಎಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಒಪ್ಪಂದದ 13ನೇ ಅನುಬಂಧ ಸ್ಪಷ್ಟವಾಗಿ ಹೇಳುತ್ತದೆ. ಇಷ್ಟಾದರೂ ನಿಮ್ಮ ಭಯ ಆಧಾರವಿಲ್ಲದ್ದಲ್ಲ. ವರದಿ ಓದಿ ಮರುದಿನವೇ ನೋಟಿಸು ಕೊಡುವ ಮ್ಯಾನೇಜ್‌ಮೆಂಟ್ ಇದ್ದರೆ, ಮುಂದಿನ ಸಲ ಯಾರೂ ನಿಜ ಹೇಳುವುದಿಲ್ಲ. ಬರವಣಿಗೆಯ ರೀತಿ ಬದಲಾದರೆ ಸಾಲದು, ಓದುವವರ ನಡವಳಿಕೆಯೂ ಬದಲಾಗಬೇಕು. ಈ ವಿಧಾನದ ಮಿತಿ ಅದು. ಹಾಗೆಂದು ನಿಮ್ಮ ಒಪ್ಪಿಗೆಯನ್ನು ವರದಿಯಿಂದ ಬಿಟ್ಟರೆ, ಆರ್ಡರಿನ ಒತ್ತಡ ಬಂದಾಗ ರಕ್ಷಣೆ ಕೆಟ್ಟ ಪ್ರೆಸ್ಸನ್ನು ನಿಲ್ಲಿಸುವ ಅಧಿಕಾರ ಯಾರಿಗಿದೆ ಎಂಬ ಪ್ರಶ್ನೆಯೂ ಬಿಟ್ಟುಹೋಗುತ್ತದೆ. ಆ ಪ್ರಶ್ನೆಗೆ ಉತ್ತರ ಸಿಕ್ಕರೆ ನಿಮಗೇ ಮೊದಲು ಲಾಭ.

ಸೂಪರ್‌ವೈಸರ್: ಕಂಪನಿಯ ವಕೀಲರು ಬೇರೆಯೇ ಹೇಳುತ್ತಾರೆ. ರಕ್ಷಣೆ ಕೆಟ್ಟಿತ್ತು ಎಂದು ನಾವೇ ಬರೆದುಕೊಟ್ಟರೆ ಕೇಸಿಗೆ ಅದೇ ಸಾಕ್ಷಿ ಎನ್ನುತ್ತಾರೆ.

ಸೇಫ್ಟಿ ಆಫೀಸರ್: ಬಟನ್ ಕೆಟ್ಟ ಸ್ಲಿಪ್ ಆಗಲೇ ರಿಜಿಸ್ಟರಿನಲ್ಲಿದೆ. ಸ್ಟೋರ್ಸ್ ಬೇಡಿಕೆ ಇದೆ, ಪ್ರೊಡಕ್ಷನ್ ಶೀಟ್ ಇದೆ, ಮೂರು ಶಿಫ್ಟಿನ ಜನರಿಗೆ ವಿಷಯ ಗೊತ್ತು. ಇಷ್ಟರ ನಡುವೆ ‘ನಿರ್ಲಕ್ಷ್ಯ’ ಎಂದು ಮಾತ್ರ ಬರೆದ ವರದಿ, ಇನ್‌ಸ್ಪೆಕ್ಟರ್ ಬಂದು ರಿಜಿಸ್ಟರ್ ತೆರೆದ ಕೂಡಲೇ ಸುಳ್ಳಾಗುತ್ತದೆ. ಆಗ ಕೆಟ್ಟ ಬಟನ್ನಿನ ಜೊತೆಗೆ ಅದನ್ನು ಮರೆಮಾಚಿದ್ದಕ್ಕೂ ಉತ್ತರ ಹೇಳಬೇಕು. ಇನ್ನೊಂದು ಕಡೆಯಿಂದಲೂ ನೋಡಿ. ಪರಿಹಾರದ ಕಾನೂನಿನಲ್ಲಿ ಮಾಲೀಕರಿಗೆ ಒಂದು ವಿನಾಯಿತಿ ಇದೆ. 1923ರ ಕಾಯ್ದೆಯಲ್ಲಿದ್ದದ್ದು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿದೆ. ಕೆಲಸಗಾರ ಸುರಕ್ಷತೆಗೆಂದು ಸ್ಪಷ್ಟವಾಗಿ ಕೊಟ್ಟ ಆದೇಶವನ್ನು ಬೇಕೆಂದೇ ಮೀರಿದ್ದರೆ, ಅಥವಾ ತನಗಾಗಿ ಇಟ್ಟ ರಕ್ಷಣಾ ಸಾಧನವನ್ನು ಗೊತ್ತಿದ್ದೂ ಬೇಕೆಂದೇ ತೆಗೆದಿದ್ದರೆ, ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯ ಆಗದ ಪ್ರಕರಣಗಳಲ್ಲಿ ಪರಿಹಾರ ಕೊಡಬೇಕಾಗಿಲ್ಲ. ‘ಸೂಚನೆಗಳನ್ನು ಉಲ್ಲಂಘಿಸಿ’ ಎಂದು ನೀವು ಯೋಚಿಸದೆ ಬರೆದ ಎರಡು ಪದ, ಒಬ್ಬರ ಬೆರಳಿನ ಪರಿಹಾರಕ್ಕೇ ಅಡ್ಡ ಬರುವಂಥವು. ‘ಬೇಕೆಂದೇ’ ಎಂಬುದನ್ನು ಸಾಬೀತು ಮಾಡಬೇಕಾದದ್ದು ಅಲ್ಲಿ, ಪುರಾವೆಯಿಂದ. ಶಿಫ್ಟ್ ಮುಗಿಯುವ ಆತುರದಲ್ಲಿ ಬರೆದ ವಾಕ್ಯದಿಂದಲ್ಲ.

ಸೂಪರ್‌ವೈಸರ್: ಆದರೆ ಇಷ್ಟೆಲ್ಲ ತಿಳಿದು ಬರೆಯಲು ದಿನಗಳೇ ಬೇಕು. ಇಲಾಖೆಗೆ ತಿಳಿಸುವುದನ್ನು ಅಷ್ಟು ತಡಮಾಡಲು ಆಗುವುದಿಲ್ಲವಲ್ಲ.

ಸೇಫ್ಟಿ ಆಫೀಸರ್: ತಡಮಾಡಬೇಕಾಗಿಲ್ಲ. ಗಾಯದಿಂದಾಗಿ ಒಬ್ಬರು 48 ಗಂಟೆ ಅಥವಾ ಹೆಚ್ಚು ಕೆಲಸಕ್ಕೆ ಬರಲಾಗದಿದ್ದರೆ ನೋಟಿಸು ಕಳಿಸಬೇಕು ಎಂಬುದು 1948ರ ಕಾರ್ಖಾನೆ ಕಾಯ್ದೆಯ 88ನೇ ಕಲಮಿನಲ್ಲಿತ್ತು, 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲೂ ಇದೆ. ಆ ನೋಟಿಸಿನಲ್ಲಿ ಯಾರಿಗೆ, ಎಲ್ಲಿ, ಯಾವಾಗ, ಯಾವ ಯಂತ್ರದಲ್ಲಿ, ಯಾವ ಗಾಯ ಎಂಬಷ್ಟನ್ನು ಗೊತ್ತಿರುವಂತೆ ಬರೆಯಿರಿ. ಕಾರಣದ ಜಾಗದಲ್ಲಿ “ಡೈಗಳ ನಡುವೆ ಕೈ ಇದ್ದಾಗ ರ್‍ಯಾಮ್ ಇಳಿದಿದೆ, ಏಕೆ ಇಳಿಯಿತೆಂದು ಪರಿಶೀಲಿಸಲಾಗುತ್ತಿದೆ” ಎಂದು ಬರೆಯಿರಿ. ಪೂರ್ಣ ವರದಿ ಆಮೇಲೆ ಬರಲಿ. ಅವಸರದ ನೋಟಿಸಿನಲ್ಲಿ ಒಂದು ಕಾರಣ ಬರೆದುಬಿಟ್ಟರೆ, ಮುಂದಿನ ತನಿಖೆಯೆಲ್ಲ ಅದನ್ನು ಸಮರ್ಥಿಸಲು ಓಡಾಡುತ್ತದೆ.

ಸೂಪರ್‌ವೈಸರ್: ಕೊನೆಯದಾಗಿ ಒಂದು ಮಾತು. ಅವನು ಸ್ವಲ್ಪ ಎಚ್ಚರವಾಗಿದ್ದಿದ್ದರೆ ರ್‍ಯಾಮ್ ಇಳಿಯುವುದು ಕಂಡ ಕೂಡಲೇ ಕೈ ತೆಗೆಯಬಹುದಿತ್ತು ಎಂದು ಎಲ್ಲರೂ ಅನ್ನುತ್ತಿದ್ದಾರೆ.

ಸೇಫ್ಟಿ ಆಫೀಸರ್: ಅದನ್ನೂ ಅಳೆದು ನೋಡೋಣ. ಈ ಪ್ರೆಸ್ ನಿಮಿಷಕ್ಕೆ 50 ಸ್ಟ್ರೋಕ್ ಹೊಡೆಯುತ್ತದೆ. ಒಂದು ಪೂರ್ತಿ ಸುತ್ತಿಗೆ 1.2 ಸೆಕೆಂಡ್, ಇಳಿಯುವುದು ಅದರ ಅರ್ಧ, 0.6 ಸೆಕೆಂಡ್. ಆ ಅರ್ಧದೊಳಗೆ ರ್‍ಯಾಮ್ ಕದಲಿದ್ದು ಕಣ್ಣಿಗೆ ಬೀಳಬೇಕು, ಮನಸ್ಸಿಗೆ ತಿಳಿಯಬೇಕು, ಅಂಟಿಕೊಂಡ ಜಾಬನ್ನು ಹಿಡಿದ ಬೆರಳು ಬಿಡಬೇಕು, ಕೈ ಹೊರಗೆ ಬರಬೇಕು. ಕೆಲಸದ ಮೇಲೆ ಕಣ್ಣಿಟ್ಟು ಬಾಗಿದ ಯಾರೇ ಆಗಲಿ, ತಲೆಯ ಮೇಲಿನಿಂದ ಬರುವುದನ್ನು ಎದುರಿಸಲು ಅಷ್ಟು ಹೊತ್ತನ್ನು ನಂಬಿಕೊಳ್ಳಲಾಗದು. ಪ್ರೆಸ್ಸಿಗೆ ಎರಡು ಕೈಯ ಬಟನ್ ಇಟ್ಟಿರುವುದೇ ಎಚ್ಚರವನ್ನು ನಂಬಿ ಕೂರಬಾರದು ಎಂದು. ‘ಎಚ್ಚರವಾಗಿದ್ದಿದ್ದರೆ’ ಎಂಬ ಮಾತು ವರದಿಗೆ ಬಂದರೆ ಪರಿಹಾರವೂ ‘ಎಚ್ಚರದಿಂದಿರಿ’ ಎಂಬುದೇ ಆಗುತ್ತದೆ. ನಿಮ್ಮ ಮೊದಲ ವರದಿಯ ಕೊನೆಯ ವಾಕ್ಯದಲ್ಲಿ ಆಗಿದ್ದೂ ಅದೇ.

ಈಗ ಕೂತು ಮತ್ತೆ ಬರೆಯಿರಿ. ಮೊದಲು ಗಡಿಯಾರಗಳ ಮಾತು. ಆಮೇಲೆ ಎರಡು ದಿನದ ಹಿಂದಿನ ಸ್ಲಿಪ್ಪಿನಿಂದ ಆಂಬ್ಯುಲೆನ್ಸ್ ಹೊರಟವರೆಗಿನ ಘಟನೆಗಳು, ಪ್ರತಿಯೊಂದರ ಪಕ್ಕದಲ್ಲೂ ಅದು ಎಲ್ಲಿಂದ ತಿಳಿಯಿತು ಎಂಬುದು: ರಿಜಿಸ್ಟರ್, ಸಿಸಿಟಿವಿ, ಹೇಳಿಕೆ, ಪರೀಕ್ಷೆ. ಗಾಯಾಳುವನ್ನು ಬಿಡಿಸಲು ರ್‍ಯಾಮನ್ನು ಕೈಯಿಂದ ಮೇಲೆತ್ತಿದ್ದು, ಡೈ ಮೇಲಿನ ಜಾಬ್ ತೆಗೆದಿಟ್ಟದ್ದು, ಹೀಗೆ ಸ್ಥಳದಲ್ಲಿ ಬದಲಾದದ್ದನ್ನೂ ಬರೆಯಿರಿ. ನಂತರ ಗೊತ್ತಾಗದೆ ಉಳಿದವು ಬೇರೆಯಾಗಿ. ಕ್ರಮಗಳು ಕೊನೆಗೆ, ಪ್ರತಿಯೊಂದೂ ಮೇಲಿನ ಒಂದು ಸಂಗತಿಗೆ ಉತ್ತರವಾಗಿ. ಕ್ಲಚ್ ಮತ್ತು ಪೆಡಲ್ ಸ್ವಿಚ್ಚನ್ನು, ಯಾರೂ ಹತ್ತಿರವಿಲ್ಲದಂತೆ ಖಾಲಿ ಓಡಿಸಿ ಪರೀಕ್ಷಿಸುವವರೆಗೆ ಪ್ರೆಸ್ಸಿಗೆ ಬೀಗ. ಪೆಡಲ್ ಕಳಚಿ ಸ್ಟೋರ್ಸಿಗೆ. ಸೆಲೆಕ್ಟರ್ ಕೀ ಒಬ್ಬ ಗೊತ್ತಾದ ಹುದ್ದೆಯವರ ವಶಕ್ಕೆ. ಪಾಮ್ ಬಟನ್ ಸ್ಪೇರ್ ಸದಾ ಸ್ಟೋರ್ಸಿನಲ್ಲಿ. ಡೈ ಹತ್ತಿಸುವ ಮೊದಲು ಸ್ಪ್ರಿಂಗ್ ನೋಡಿ ಟೂಲ್ ರೂಮಿನ ಸಹಿ. ಪ್ರತಿ ಪ್ರೆಸ್ಸಿಗೂ ಇಕ್ಕಳ. ಎರಡು ಕೈಯ ಬಟನ್ ಕೆಟ್ಟರೆ ಆರ್ಡರ್ ಏನೇ ಇರಲಿ ಪ್ರೆಸ್ ನಿಲ್ಲಿಸುವ ಲಿಖಿತ ಅಧಿಕಾರ ಶಿಫ್ಟ್ ಸೂಪರ್‌ವೈಸರ್‌ಗೆ. ಪ್ರತಿಯೊಂದರ ಎದುರೂ ಮಾಡುವ ಹುದ್ದೆ, ದಿನಾಂಕ, ಆಗಿದೆಯೇ ಎಂದು ನೋಡುವ ಇನ್ನೊಬ್ಬರು ಇರಲಿ.

ಸೂಪರ್‌ವೈಸರ್: ಆ ಕೊನೆಯ ಅಧಿಕಾರದ ಸಾಲು ನನ್ನ ಮೊದಲ ವರದಿಯಿಂದ ಎಂದೂ ಬರುತ್ತಿರಲಿಲ್ಲ.

ಸೇಫ್ಟಿ ಆಫೀಸರ್: ಬರಲು ಸಾಧ್ಯವೇ ಇರಲಿಲ್ಲ. ಆ ವರದಿಯ ಪ್ರಕಾರ ಸರಿಮಾಡಬೇಕಾದದ್ದು ಒಬ್ಬ ಮನುಷ್ಯನನ್ನು ಮಾತ್ರ. ವರದಿ ಸರಿಯಾಗಿದೆಯೇ ಎಂದು ಪರೀಕ್ಷಿಸಲು ನನ್ನ ಬಳಿ ಇರುವ ಅಳತೆ ಒಂದೇ: ಅದರಲ್ಲಿ ಹೇಳಿದ ಕ್ರಮಗಳನ್ನೆಲ್ಲ ಮಾಡಿದ ಮೇಲೆ, ದಣಿದ, ಹೊಸಬನಾದ, ಗಡಿಬಿಡಿಯಲ್ಲಿರುವ ಇನ್ನೊಬ್ಬ ಆಪರೇಟರ್ ಅದೇ ಪ್ರೆಸ್ಸಿನ ಮುಂದೆ ನಿಂತರೆ ಅವನ ಬೆರಳು ಉಳಿಯುತ್ತದೆಯೇ? ಉಳಿಯುತ್ತದೆ ಎನ್ನಬಲ್ಲ ವರದಿಗೆ ನಾನು ಸಹಿ ಹಾಕುತ್ತೇನೆ.